ಬಿಸಿಲಿಗೆ ಬಿದ್ದ ಕಡಲೆ ಬೀಜ

ನನ್ನ ಬಾಯಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಹುನಗುಂದದ ಬಸ್ ನಿಲ್ದಾಣದಿಂದ ನಾಲ್ಕು ಹೆಜ್ಜೆ ದೂರದಲ್ಲಿ ನನ್ನದೊಂದು ಬೀಜ-ಗೊಬ್ಬರದ ಅಂಗಡಿ. ಅದರಲ್ಲಿ ಬೀಜಕ್ಕಿಂತ ಹೆಚ್ಚು ಖರ್ಚಾಗುತ್ತಿದ್ದದ್ದು ನನ್ನ ಮಾತು. ಕಂಪನಿಯವರು ಒಂದು ಪಟ್ಟು ಹೇಳಿದರೆ ನಾನು ಎರಡು ಪಟ್ಟು ಹೇಳುತ್ತಿದ್ದೆ. ಸುಳ್ಳು ಹೇಳಬೇಕೆಂದಲ್ಲ, ಎದುರಿಗೆ ನಿಂತವರ ಮುಖ ಅರಳಿದರೆ ನನಗೂ ಖುಷಿಯಾಗುತ್ತಿತ್ತು, ಅಷ್ಟೇ. ಮನೆಯಲ್ಲಿ ಹೆಂಡತಿ ಒಂದು ಹಿಡಿ ಅಕ್ಕಿ ಹಾಕಿದರೆ ನಾನು ಹಬ್ಬದೂಟ ಎಂದು ಸಾರುವವನು.

ಹೀಗಿರುವಾಗ ಒಂದು ವರ್ಷ ಸೂರ್ಯಕಾಂತಿ ಬೀಜ ಮಾರುತ್ತ ‘ಎಕರೆಗೆ ಎಂಟು ಚೀಲ ಖರೆ’ ಅಂದುಬಿಟ್ಟೆ. ಆ ಮಾತು ನಂಬಿ ಒಯ್ದವರಲ್ಲಿ ಒಬ್ಬಾಕೆ ಹತ್ತಿರದ ಹಳ್ಳಿಯ ರೈತ ಹೆಣ್ಣುಮಗಳು. ಆಕೆಯ ಗಂಡ ಇಳಕಲ್ಲಿನಲ್ಲಿ ಸೀರೆ ನೇಯುವವನು, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಕಪ್ಪು ಎರೆಮಣ್ಣಿನ ಹೊಲದ ಬೇಸಾಯವೆಲ್ಲ ಆಕೆಯದೇ. ಆ ಊರಲ್ಲಿ ಆಕೆಗೆ ಇನ್ನೊಂದು ಹೆಸರಿತ್ತು: ಬೀಜ ಕಾಯುವಾಕೆ. ಮುಂದಿನ ವರ್ಷದ ಬಿತ್ತನೆಗೆಂದು ಓಣಿಯ ಹೆಂಗಸರು ತಮ್ಮ ಜೋಳ, ಕಡಲೆ ಎಲ್ಲವನ್ನೂ ಆಕೆಯ ಮನೆಗೆ ತಂದಿಡುತ್ತಿದ್ದರು. ಆಕೆ ಬೂದಿ, ಬೇವಿನೆಲೆ ಬೆರೆಸಿ, ಗಡಿಗೆಗೆ ತುಂಬಿ, ಬಾಯಿ ಮೆತ್ತಿ ಇಟ್ಟರೆ ಹುಳ ಹತ್ತುತ್ತಿರಲಿಲ್ಲ. ಆಕೆಯ ಕೈಗುಣ ಅಂಥದ್ದು ಅನ್ನುತ್ತಿದ್ದರು.

ಸುಗ್ಗಿ ಮುಗಿದ ಮೇಲೆ ಆಕೆ ಅಂಗಡಿಗೆ ಬಂದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಬಹಳ ಸುಲಭವಾಗುತ್ತಿತ್ತು, ಬೈಗುಳಕ್ಕೆ ನನ್ನ ಹತ್ತಿರ ಉತ್ತರ ಯಾವಾಗಲೂ ತಯಾರಿರುತ್ತದೆ.

“ಸಾವ್ಕಾರ್ರ, ಎಂಟು ಚೀಲ ಯಾರ ಹೊಲದಾಗ ಬಂದಿತ್ರಿ? ಊರು ಹೇಳ್ರಿ, ನಾ ಒಮ್ಮಿ ಹೋಗಿ ನೋಡ್ಕೊಂಡು ಬರ್ತೇನಿ,” ಅಂದಳು.

ಯಾವ ಊರು ಅಂತ ಹೇಳಲಿ? ಗೋಡೆಯ ಮೇಲಿದ್ದ ಕಂಪನಿಯ ಚಿತ್ರಪಟದ ಕಡೆ ಬೆರಳು ತೋರಿಸಿದೆ. ಅದರಲ್ಲಿ ಒಬ್ಬ ರೈತ ಸೂರ್ಯಕಾಂತಿಯ ನಡುವೆ ನಿಂತು ನಗುತ್ತಿದ್ದ. ಆಕೆ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು.

“ಈ ಮನಷ್ಯಾನ ಕಾಲಾಗ ಬೂಟ ಅದಾವಲ್ರಿ. ಇಂವಾ ಎಂದರ ಯರಿ ಹೊಲಕ್ಕ ಇಳದಾನಂತೀರೇನು?” ಅಂದವಳೇ ಹೋದಳು. ಅಂಗಡಿಯಲ್ಲಿ ಕೂತಿದ್ದ ನಾಲ್ಕು ಜನ ನಕ್ಕರು. ನಾನೂ ನಕ್ಕೆ, ಅವರಿಗಿಂತ ಜೋರಾಗಿ, ನಗು ನನ್ನ ಮೇಲಲ್ಲ ಎಂಬಂತೆ. ಆಮೇಲೆ ಒಂದಿಡೀ ವರ್ಷ ಆಕೆ ನನ್ನ ಅಂಗಡಿಯ ಮುಂದೆಯೇ ನಡೆದು ಪಕ್ಕದ ಅಂಗಡಿಗೆ ಹೋದಳು. ಒಬ್ಬ ಗಿರಾಕಿ ಹೋದದ್ದಲ್ಲ ಬೇಜಾರು. ಆಕೆ ಹೋಗುವಾಗ ನನ್ನ ಕಡೆ ತಿರುಗಿಯೂ ನೋಡದೆ ಹೋಗುತ್ತಿದ್ದಳಲ್ಲ, ಅದು ಚುಚ್ಚುತ್ತಿತ್ತು.

ಆ ದಿನಗಳಲ್ಲಿ ಮನೆ ಮನೆಗೆ ಸಿಡಿ ಪ್ಲೇಯರ್ ಬಂದಿತ್ತು. ಮದುವೆ, ಮಕ್ಕಳ ಜಾವಳ ಎಲ್ಲವೂ ಸಿಡಿಯಾಗುತ್ತಿದ್ದವು. ನನಗೂ ಹುಕಿ ಬಂತು. ಇಳುವರಿಯ ಮಾತು ಒಂದೂ ಇಲ್ಲದೆ, ಬೀಜಕ್ಕೆ ಹೇಗೆ ಉಪಚಾರ ಮಾಡಬೇಕು, ಗೊಬ್ಬರ ಎಲ್ಲಿ ಬೀಳಬೇಕು ಎಂದಷ್ಟೇ ತೋರಿಸುವ ಏಳೆಂಟು ನಿಮಿಷದ ಚಿತ್ರ ಮಾಡಿ, ಅಂಗಡಿಯ ಟಿವಿಯಲ್ಲೂ ಊರಿನ ಕೇಬಲ್‌ನಲ್ಲೂ ಹಾಕಿಸೋಣ ಎಂದುಕೊಂಡೆ. ಕಡಲೆಯೇ ಆಗಲಿ ಅಂತ ನಿರ್ಧಾರವೂ ಆಯಿತು. ಹಿಂಗಾರಿ ಬಿತ್ತನೆ ಹತ್ತಿರವೇ ಇತ್ತು.

ನಾಲ್ಕು ಪುಟ ಬರೆದುಕೊಂಡು ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿಗೆ ತೋರಿಸಿದೆ. ಅವರು ಕೆಂಪು ಪೆನ್ನು ತೆಗೆದರು. ‘ಭರಪೂರ’ ಹೋಯಿತು. ‘ಬಂಗಾರದಂಥ’ ಹೋಯಿತು. ‘ಖಚಿತ’ ಎಂಬ ಶಬ್ದ ಆರು ಕಡೆ ಇತ್ತು, ಆರೂ ಹೋದವು. ‘ರೈತ ಬಾಂಧವರೇ, ಕುಬೇರನೇ ನಿಮ್ಮ ಮನೆ ಬಾಗಿಲಿಗೆ’ ಎಂಬಲ್ಲಿ ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ನಾಲ್ಕು ಪುಟದಲ್ಲಿ ಕೊನೆಗೆ ಉಳಿದದ್ದು ಮುಕ್ಕಾಲು ಪುಟ.

“ಇಷ್ಟ ಸಾಕೇನ್ರಿ ಸಾಹೇಬ್ರ?” ಅಂದೆ.

“ಇಷ್ಟ ಖರೆ ಇರೂದು,” ಅಂದರು.

ಆ ಮುಕ್ಕಾಲು ಪುಟ ಇಷ್ಟೇ. ಜೀವಾಣು ಗೊಬ್ಬರದ ಪೊಟ್ಟಣದ ಮೇಲೆ ಕೊನೆಯ ತಾರೀಖು ನೋಡಿಕೊಳ್ಳಿ, ಕಡಲೆಗೆ ಅಂತ ಬರೆದದ್ದನ್ನೇ ಒಯ್ಯಿರಿ. ಬೆಲ್ಲದ ನೀರು ಕುದಿಸಿ ಪೂರ್ತಿ ಆರಿಸಿ. ಬೀಜದ ಮೇಲೆ ಅಂಟುವಷ್ಟು ಚಿಮುಕಿಸಿ, ಪೊಟ್ಟಣದ ಕಪ್ಪು ಪುಡಿ ಉದುರಿಸಿ, ಹಗುರ ಕೈಯಿಂದ ಕಲಸಿ. ತಿಕ್ಕಿದರೆ ಕಡಲೆಯ ಸಿಪ್ಪೆ ಏಳುತ್ತದೆ. ನೆರಳಿನಲ್ಲಿ ಆರಿಸಿ, ಅವತ್ತೇ ಬಿತ್ತಿ. ಪುಡಿಯೊಳಗಿರುವುದು ಜೀವ, ಬಿಸಿಲಿಗೆ ಸಾಯುತ್ತದೆ. ಗೊಬ್ಬರವನ್ನು ಬೀಜದ ಜೊತೆ ಕಲಸಬೇಡಿ; ಬಿತ್ತುವ ಕೂರಿಗೆಯ ಬೇರೆ ಬಟ್ಟಲಿನಿಂದ ಬೀಜಕ್ಕಿಂತ ಕೆಳಗೆ ಬೀಳಲಿ. ಚೀಲದ ಚೀಟಿ ಮತ್ತು ರಸೀದಿ ಸುಗ್ಗಿಯವರೆಗೆ ಜೋಪಾನ.

ಇದನ್ನು ಮಾಡಿ ತೋರಿಸುವ ಕೈ ಬೇಕಿತ್ತು. ನನ್ನ ಕೈ ತಕ್ಕಡಿ ಹಿಡಿದ ಕೈ, ಯಾರೂ ನಂಬುವುದಿಲ್ಲ. ನಾಚಿಕೆ ಬಿಟ್ಟು ಆಕೆಯ ಮನೆಗೇ ಹೋದೆ. ಆಕೆ ಅಂಗಳದಲ್ಲಿ ಬೀಜ ಹಸನು ಮಾಡುತ್ತ ಕೂತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, “ಎಷ್ಟು ಚೀಲ ಬರ್ತಾವಂತ ಒಂದು ಮಾತು ಬಂತಂದ್ರ ನಾ ಎದ್ದು ಹೋಗಾಕಿ,” ಅಂದಳು. ಒಪ್ಪಿಕೊಂಡೆ. ಮರುದಿನ ಎರಡೆಕರೆಗೆ ಬಿತ್ತುವುದಿತ್ತು, ಅದೇ ಬೀಜದ ಮೇಲೆ ಶೂಟಿಂಗ್ ಎಂದು ಮಾತಾಯಿತು.

ಕ್ಯಾಮೆರಾದವನು ಇಳಕಲ್ಲಿನ ಮದುವೆ ಕ್ಯಾಮೆರಾದವನು. ಬಂದವನೇ ಆಕೆಗೆ “ಸ್ವಲ್ಪ ನಗ್ರಿ, ಗಂಡಿನ ಕಡೆಯವ್ರನ್ನ ನೋಡ್ರಿ,” ಅಂದ, ಮದುವೆಮನೆಯ ಬಾಯಿಪಾಠ ಬಿಡಬೇಕಲ್ಲ. ನಾನಂತೂ ಹೊಸ ಬಿಳಿ ಅಂಗಿ ಹಾಕಿ, ಕೂದಲಿಗೆ ಎಣ್ಣೆ ಹಚ್ಚಿ, ಮದುಮಗನೇ ಆಗಿದ್ದೆ.

ಆಕೆ ಬೇವಿನ ಮರದ ಕೆಳಗೆ ಗೋಣಿತಟ್ಟು ಹಾಸಿ, ಬೆಲ್ಲದ ನೀರು ಚಿಮುಕಿಸಿ, ಪುಡಿ ಉದುರಿಸಿ, ಎರಡೂ ಅಂಗೈಯಲ್ಲಿ ಮಗುವಿಗೆ ಎಣ್ಣೆ ಹಚ್ಚುವ ಹಾಗೆ ಕಲಸಿದಳು. ಬೀಜ ಕಪ್ಪಗಾಯಿತು. ಅಲ್ಲೇ ನೆರಳಲ್ಲಿ ಹರವಿದಳು. ಕ್ಯಾಮೆರಾದವನು ಕಣ್ಣು ತೆಗೆದು ತಲೆ ಕೊಡವಿದ.

“ಏನೂ ಕಾಣೂದಿಲ್ರಿ. ಕರೇ ಬೀಜ, ಕರೇ ನೆಳ್ಳು. ಕತ್ತಲೀನ ಕತ್ತಲಿ.”

ನಾನು ಯೋಚಿಸಲೂ ಇಲ್ಲ. “ಹಂಗಾರ ಬಿಸಲಿಗೆ ಜಗ್ಗೂಣು. ಎರಡು ನಿಮಿಷದ ಮಾತು,” ಅಂದೆ. ನಾವಿಬ್ಬರೂ ಗೋಣಿತಟ್ಟಿನ ಎರಡು ಅಂಚು ಹಿಡಿದು ಎಳೆದೆವು. ಮಟಮಟ ಮಧ್ಯಾಹ್ನ. ಆಕೆ ನಿಂತಲ್ಲೇ ನೋಡುತ್ತಿದ್ದಳು.

“ಬಾಯಿಲೆ ನೆಳ್ಳು ಅಂತೀರಿ, ಬೀಜಾ ಬಿಸಲಾಗ ಹಾಕ್ತೀರಿ. ಹೇಳೂದು ಶಾಸ್ತ್ರ, ತಿನ್ನೂದು ಬದನೀಕಾಯಿ ಅಂದಂಗಾತು.”

“ಅಕ್ಕಾರ, ಇದು ಶೂಟಿಂಗ್ರಿ. ಬಾಯಿಲೆ ಹೇಳಾಕತ್ತೇನಲ್ಲ, ಜನಕ್ಕ ತಿಳೀತೈತಿ,” ಅಂದೆ, ಚಿತ್ರರಂಗದಲ್ಲೇ ಹುಟ್ಟಿ ಬೆಳೆದವನ ಹಾಗೆ.

ಎರಡು ನಿಮಿಷ ಎರಡು ನಿಮಿಷದಲ್ಲಿ ಮುಗಿಯಲಿಲ್ಲ. ‘ನೆರಳಿನಲ್ಲಿ ಆರಿಸಿ’ ಎಂಬ ಎರಡು ಶಬ್ದ ಹೇಳಲು ನಾನು ಒಂಬತ್ತು ಸಲ ತಪ್ಪಿದೆ. ಒಮ್ಮೆ ಕೆಮ್ಮು, ಒಮ್ಮೆ ಎತ್ತಿನ ಗಂಟೆ, ಒಮ್ಮೆ ನನಗೇ ನನ್ನ ಅಂಗಿಯ ಕಾಲರ್ ಸರಿ ಕಾಣಲಿಲ್ಲ. ಅಷ್ಟರಲ್ಲಿ ಬೀಜ ಮುಟ್ಟಿದರೆ ಬಿಸಿ. ಬಿತ್ತುವ ಹದ ಕಾಯುವುದಿಲ್ಲ, ಎತ್ತು ಹೂಡಿ ಆಗಿತ್ತು. ಆಕೆ ಅದೇ ಬೀಜವನ್ನು ಒಯ್ದು ಎರಡೆಕರೆಗೆ ಬಿತ್ತಿದಳು.

ಸಿಡಿ ಮೂರೇ ದಿನದಲ್ಲಿ ಬಂತು. ಮೊದಲಿಗೆ ತಿರುಗುವ ಗುಲಾಬಿ ಹೂ, ಆಮೇಲೆ ಶಹನಾಯಿ. ಶಹನಾಯಿ ನಡುವೆ ನನ್ನ ಮಾತು ಯಾರೋ ಬಾವಿಯೊಳಗೆ ಕೂತು ಕೂಗಿದಂತೆ ಕೇಳುತ್ತಿತ್ತು. ತಕರಾರು ಮಾಡಿದ್ದಕ್ಕೆ ಕ್ಯಾಮೆರಾದವನು “ಬರೇ ಮಾತಿದ್ರ ಮಂದಿ ಎದ್ದು ಹೋಗ್ತಾರ್ರಿ,” ಅಂದ. ಕೇಬಲ್‌ನವರು ಸಂಜೆಯ ಸಿನಿಮಾಕ್ಕೆ ಮೊದಲು ಹಾಕತೊಡಗಿದರು. ಅಂಗಡಿಯಲ್ಲೂ ದಿನವಿಡೀ ಓಡುತ್ತಿತ್ತು, ಆದರೆ ಧ್ವನಿ ತೆಗೆದು. ನಾನು ಗಿರಾಕಿಗಳ ಜೊತೆ ಮಾತಾಡಲು ನನ್ನದೇ ಮಾತು ಅಡ್ಡ ಬರುತ್ತಿತ್ತು ನೋಡಿ.

ಒಂದು ವಾರ ಕಳೆದಿರಬೇಕು. ಯಾರಿಗೋ ಔಷಧಿ ಮುಟ್ಟಿಸಲು ಮೋಟರ್ ಸೈಕಲ್ ಮೇಲೆ ಆಕೆಯ ಊರಿಗೆ ಹೋದೆ. ಮೂರು ಮಾಳಿಗೆಗಳ ಮೇಲೆ ಗೋಣಿತಟ್ಟು, ಅದರ ಮೇಲೆ ಕಪ್ಪು ಪುಡಿ ಹಚ್ಚಿದ ಕಡಲೆ. ಇನ್ನೊಂದು ಓಣಿಯಲ್ಲಿ ಮತ್ತೆ ಎರಡು. ನನ್ನ ಎದೆ ಉಬ್ಬಿತು. ಜನ ನನ್ನ ಚಿತ್ರ ನೋಡಿ ಬೀಜೋಪಚಾರ ಮಾಡುತ್ತಿದ್ದಾರೆ! ಗಾಡಿ ನಿಲ್ಲಿಸಿ, ಎರಡೂ ಕೈ ಸೊಂಟದ ಮೇಲಿಟ್ಟು, ತಲೆ ಎತ್ತಿ, ಹೊಲಗದ್ದೆಯನ್ನೆಲ್ಲ ನಾನೇ ಸೃಷ್ಟಿ ಮಾಡಿದವನಂತೆ ನಿಂತೆ. ಹಣೆಯ ಬೆವರು ಕಣ್ಣಿಗಿಳಿದಾಗಲೇ ತಲೆಗೆ ಹೊಳೆದದ್ದು: ಬೀಜವೆಲ್ಲ ಕಡು ಬಿಸಿಲಲ್ಲಿದೆ.

ಕಟ್ಟೆಯ ಮೇಲಿದ್ದ ಒಬ್ಬ ಮುದುಕಿಯನ್ನು ಕೇಳಿದೆ. “ಆಯಿ, ಬಿಸಲಾಗ ಯಾಕ ಹಾಕೀರಿ? ನೆಳ್ಳಾಗ ಆರಸಬೇಕಂತ ಟೀವ್ಯಾಗ ಹೇಳೇನಲ್ಲ?”

“ನೀ ಏನ ಹೇಳಿದ್ಯೋ ಯಪ್ಪಾ, ಪೀಪಿ ಗದ್ದಲದಾಗ ಏನೂ ಕೇಳ್ಲಿಲ್ಲ. ಆಕಿ ಬಿಸಲಾಗ ಹಾಕಿದ್ದು ಕಂಡತು. ಆಕಿ ಮಾಡಿದ ಮ್ಯಾಲ ಮತ್ತ ಯಾರನ್ನ ಕೇಳೂದೈತಿ?”

ಜನ ನಂಬಿದ್ದು ನನ್ನನ್ನಲ್ಲ. ನಂಬದಿದ್ದದ್ದೇ ಸರಿ ಎನ್ನಿ, ಆದರೆ ನನ್ನ ತಪ್ಪು ಆಕೆಯ ಕೈಯಿಂದ ಊರಿಗೆ ಹಬ್ಬಿತ್ತು.

ಆಕೆಯ ಮನೆಗೆ ಹೋಗುವಷ್ಟರಲ್ಲಿ ಆಕೆಗೆ ವಿಷಯ ಗೊತ್ತಾಗಿತ್ತು. ಕೃಷಿ ಅಧಿಕಾರಿ ಆ ಬೆಳಿಗ್ಗೆಯೇ ಬಂದು, ಆಕೆಯ ಓಣಿಯಲ್ಲಷ್ಟೇ, ಬಿಸಿಲಿಗೆ ಹಾಕಿದರೆ ಪುಡಿ ಹಚ್ಚಿದ್ದೆಲ್ಲ ದಂಡ ಎಂದು ಹೇಳಿ ಹೋಗಿದ್ದರಂತೆ. ‘ಬೀಜ ಕಾಯುವಾಕಿಗೆ ಇಷ್ಟೂ ತಿಳೀಲಿಲ್ಲೇನು’ ಎಂದು ಓಣಿಯ ಹೆಂಗಸರು ಆಡಿಕೊಳ್ಳತೊಡಗಿದ್ದರು. ಇಬ್ಬರು ಆಗಲೇ ತಮ್ಮ ಜೋಳದ ಬೀಜದ ಗಡಿಗೆ ವಾಪಸ್ ಹೊತ್ತುಕೊಂಡು ಹೋಗಿದ್ದರು. ಗಡಿಗೆ ಇಟ್ಟಿದ್ದ ಜಾಗದಲ್ಲಿ ನೆಲದ ಮೇಲೆ ದುಂಡಗೆ ಗುರುತು ಮಾತ್ರ ಉಳಿದಿತ್ತು. ಆಕೆ ಅದನ್ನೇ ನೋಡುತ್ತ ಕೂತಿದ್ದಳು.

“ನನ್ನ ಕೈ ನೋಡಿ ಮಾಡ್ಯಾರ್ರಿ ಮಂದಿ,” ಅಂದಳು. “ಹದಿನೆಂಟು ವರ್ಷ ಆತು ಈ ಕೆಲಸಾ ಮಾಡಾಕತ್ತು. ನಿಮಗೇನ್ರಿ, ಇನ್ನೊಂದು ಚೀಲಾ ಬಿಚ್ಚಿ ಕುಂಡ್ರತೀರಿ. ನನ್ನ ಹೆಸರು ಎಲ್ಲಿಂದ ತರೂದು?”

ನನಗೆ ನಿಜಕ್ಕೂ ಅಸಹ್ಯವಾಯಿತು, ನನ್ನ ಬಗ್ಗೆಯೇ. ಇಳುವರಿಯ ಸುಳ್ಳು ಬಿಟ್ಟೆ ಎಂದು ಹೆಮ್ಮೆಪಟ್ಟುಕೊಂಡವನು ನಾನು. ಮಾತಿನಲ್ಲಿ ಬಿಟ್ಟದ್ದನ್ನು ಚಿತ್ರದಲ್ಲಿ ಮಾಡಿದ್ದೆ.

ಅವತ್ತೇ ಕೇಬಲ್‌ನವರಿಗೆ ಹೇಳಿ ಸಿಡಿ ನಿಲ್ಲಿಸಿದೆ. ಬಿತ್ತದೆ ಉಳಿದಿದ್ದವರಿಗೆ ಹೊಸ ಪೊಟ್ಟಣ ಕೊಟ್ಟು, ಬಿತ್ತುವ ದಿನವೇ ನೆರಳಲ್ಲಿ ಮತ್ತೊಮ್ಮೆ ಹಚ್ಚಿಕೊಳ್ಳಿ ಎಂದು ಮನೆ ಮನೆಗೆ ಹೋಗಿ ಹೇಳಿದೆ. ಒಬ್ಬ ಯಜಮಾನರು ಪೊಟ್ಟಣ ಇಸಿದುಕೊಂಡು, “ಈ ಸಲ ಮಳ್ಯಾಗ ಹಾಕಬೇಕೇನ್ರಿ?” ಎಂದು ಕೇಳಿದರು. ತಕ್ಕದ್ದೇ ಆಯಿತು.

ಮರುದಿನ ಎರಡನೆಯ ಚಿತ್ರ. ಆಕೆಯ ಕರಾರು ಇಷ್ಟೇ: ಮೊದಲು ಆ ಬಿಸಿಲಿನ ಚಿತ್ರವನ್ನೇ ತೋರಿಸಬೇಕು, ಅದರ ಮೇಲೆ ನಾನು ನನ್ನ ಬಾಯಿಂದ ತಪ್ಪು ಯಾರದೆಂದು ಹೇಳಬೇಕು, ಶಹನಾಯಿ ಇರಬಾರದು. ದನದ ಕೊಟ್ಟಿಗೆಯಲ್ಲಿ ಬಾಗಿಲು ತೆರೆದು ಶೂಟಿಂಗ್ ಇಟ್ಟೆವು. ಕತ್ತಲೆ ಕಳೆಯಲು ಕ್ಯಾಮೆರಾದವನು ಒಂದು ಬಿಳಿ ಧೋತರ ತರಿಸಿ, ಬಾಗಿಲ ಹೊರಗೆ ಬಿಸಿಲಿಗೆ ಹಿಡಿದು ಬೆಳಕು ಒಳಗೆ ತಿರುಗಿಸಬೇಕು ಅಂದ. ಹಿಡಿಯುವವರು ಯಾರು? ಹೊಸ ಅಂಗಿಯ ಮದುಮಗನೇ. ಒಂದು ಗಂಟೆ ಧೋತರ ಹಿಡಿದು ಬಿಸಿಲಲ್ಲಿ ನಿಂತೆ. ಕೊಟ್ಟಿಗೆಯಲ್ಲಿ ತೆಗೆದ ಭಾಗದಲ್ಲಿ ನಾನು ಎಲ್ಲೂ ಇಲ್ಲ. ಆಕೆಯ ಕೈ, ಬೀಜ, ಬೆಲ್ಲದ ನೀರು ಮಾತ್ರ ಇವೆ, ಎಲ್ಲ ನಿಚ್ಚಳವಾಗಿ ಕಾಣುತ್ತವೆ. ಅಂಥ ಚಿತ್ರ ಮೊದಲೇ ತೆಗೆಯಬಹುದಿತ್ತು. ಬೆಳಕನ್ನು ಬೀಜದ ಹತ್ತಿರ ಒಯ್ಯುವ ಬದಲು ಬೀಜವನ್ನು ಬಿಸಿಲಿಗೆ ಒಯ್ದ ಬುದ್ಧಿವಂತ ನಾನು.

‘ಬೀಜಾ ಬಿಸಲಿಗೆ ಎಳದಾಂವ ನಾನು. ಆ ತಾಯಿ ಬ್ಯಾಡ ಅಂದಿದ್ಳು’ ಎಂದು ಕೇಬಲ್‌ನಲ್ಲಿ ನನ್ನ ಧ್ವನಿ ಹೊರಟಾಗ ಹೆಂಡತಿ ಸಾರಿನ ಸೌಟು ಹಿಡಿದೇ ಬಂದು ನಿಂತಳು. “ತಪ್ಪಾತು ಅಂತ ಹೇಳಾಕ ನಿಮಗ ಬರ್ತೈತೇನು? ಮನ್ಯಾಗ ಒಮ್ಮಿನೂ ಕೇಳಿಲ್ಲಲ್ಲ,” ಅಂದಳು.

ಆದರೂ ಊರಿನ ಮಾತು ಅಷ್ಟು ಬೇಗ ತಣಿಯುವುದಿಲ್ಲ. ಆಕೆಯ ಉಳಿದ ಹೊಲಕ್ಕೆ ಬಿದ್ದದ್ದು ನೆರಳಲ್ಲಿ ಆರಿಸಿದ ಬೀಜ, ಆ ಎರಡೆಕರೆಗೆ ಬಿದ್ದದ್ದು ಬಿಸಿಲಿನ ಬೀಜ. ‘ಬಿಸಲಿನ ಪಟ್ಟಿ’ ಎಂದೇ ಅದಕ್ಕೆ ಹೆಸರು ಬಿತ್ತು. ದಾರಿಯಲ್ಲಿ ಹೋಗುವವರು ನಿಂತು ನೋಡಿ, ‘ಇದು ಸೊರಗೇತಿ’ ಅನ್ನುತ್ತಿದ್ದರು. ಸೊರಗಿರಲಿ, ಸೊರಗದಿರಲಿ, ಅನ್ನಬೇಕಿತ್ತು, ಅನ್ನುತ್ತಿದ್ದರು. ಗಡಿಗೆ ಒಯ್ದವರು ತಿರುಗಿ ತಂದಿಡಲಿಲ್ಲ.

ಬಿತ್ತಿ ಒಂದೂವರೆ ತಿಂಗಳಾದ ಮೇಲೆ ಆಕೆ ಹೇಳಿ ಕಳಿಸಿದಳು: ಗಿಡ ಕಿತ್ತು ಬೇರಿನ ಗಂಟು ನೋಡೋಣ, ಕ್ಯಾಮೆರಾ ತರಲಿ, ಎಲ್ಲರ ಮುಂದೆ ಆಗಲಿ. ಕಡಲೆಯ ಬೇರಿನಲ್ಲಿ ಸಣ್ಣ ಗಂಟುಗಳಾಗುತ್ತವೆ. ಒಡೆದರೆ ಒಳಗೆ ನಸುಗೆಂಪು ಇದ್ದರೆ ಅವು ಕೆಲಸ ಮಾಡುತ್ತಿವೆ ಎಂದು ಅರ್ಥ. ಹೊಲದ ಬದುವಿನ ಮೇಲೆ ಓಣಿಯ ಏಳೆಂಟು ಹೆಂಗಸರು ಸೇರಿದ್ದರು. ಗಡಿಗೆ ಒಯ್ದ ಇಬ್ಬರೂ ಇದ್ದರು.

ಕ್ಯಾಮೆರಾ ಶುರುವಾಯಿತು. ನಾನು ನೆರಳಿನ ಬೀಜದ ಕಡೆ ಹೋಗಿ ಒಂದು ಗಿಡ ಅಗೆದು ತಂದೆ. ಬೇರಿನ ತುಂಬ ಗಂಟು. ಬಿಸಿಲಿನ ಪಟ್ಟಿಗೆ ಹೋಗಿ ಇನ್ನೊಂದು ತಂದೆ. ಎರಡೋ ಮೂರೋ ಗಂಟು. ಎರಡನ್ನೂ ಜೋಡಿ ಹಿಡಿದು ಕ್ಯಾಮೆರಾಕ್ಕೆ ತೋರಿಸಿದೆ. ಫರಕು ಕುರುಡನಿಗೂ ಕಾಣುವಷ್ಟು. ಬದುವಿನ ಮೇಲೆ ಗುಸುಗುಸು ಎದ್ದಿತು. ನನ್ನ ಪೊಟ್ಟಣಕ್ಕೆ ಇದಕ್ಕಿಂತ ಒಳ್ಳೆಯ ಜಾಹೀರಾತು ಇಲ್ಲ ಎಂದು ಮನಸ್ಸು ಒಳಗೇ ಕುಣಿಯಿತು.

ಆಕೆ ಸಾಲಿನೊಳಗೆ ಇಳಿದು ಬಂದಳು. ದನಿ ಎತ್ತಲಿಲ್ಲ.

“ಸಾವ್ಕಾರ್ರ, ಅಲ್ಲಿ ನೀವು ಎಲ್ಲಾಕ್ಕಿಂತ ದಪ್ಪ ಗಿಡಾ ಹುಡುಕಿ ಕಿತ್ರಿ. ಇಲ್ಲಿ ಬದುವಿನ ಅಂಚಿಗೆ ಬಡಕಲ ಗಿಡಾ ಕಿತ್ರಿ. ನಾ ನೋಡಾಕತ್ತಿದ್ದೆ.”

ದೇವರಾಣೆ, ನಾನು ಬೇಕೆಂದು ಮಾಡಿರಲಿಲ್ಲ. ಅದೇ ಭಯ ಹುಟ್ಟಿಸಿದ್ದು. ಬಾಯಿಯನ್ನು ಕಟ್ಟಿಹಾಕಿದ್ದೆ, ಕೈ ತಾನಾಗಿಯೇ ವ್ಯಾಪಾರ ಮಾಡಿತ್ತು. ಆ ಚಿತ್ರ ಕೇಬಲ್‌ಗೆ ಹೋಗಿದ್ದರೆ ನನ್ನ ಪೊಟ್ಟಣ ಖರ್ಚಾಗುತ್ತಿತ್ತು, ಆಕೆಯ ಹೆಸರು ಪೂರ್ತಿ ಮಣ್ಣಾಗುತ್ತಿತ್ತು.

“ಕಣ್ಣ ಮುಚ್ಚಿ ಹಿಡೀರಿ. ಕೈಗೆ ಸಿಕ್ಕಿದ್ದು ಅಗೀರಿ,” ಅಂದಳು.

ಎಲ್ಲರ ಮುಂದೆ ಕಣ್ಣು ಮುಚ್ಚಿ, ಕುರುಡಾಟದ ಹುಡುಗನಂತೆ ಕೈ ಚಾಚಿಕೊಂಡು ನಡೆದೆ. ಒಮ್ಮೆ ಮುಗ್ಗರಿಸಿದೆ, ಬದುವು ನಕ್ಕಿತು. ನೆರಳಿನ ಕಡೆ ಐದು ಗಿಡ, ಬಿಸಿಲಿನ ಕಡೆ ಐದು ಗಿಡ. ಮಣ್ಣು ತೊಳೆದು ಗೋಣಿತಟ್ಟಿನ ಮೇಲೆ ಇಟ್ಟೆವು. ಗಂಟು ಎರಡೂ ಕಡೆ ಇದ್ದವು. ಎರಡೂ ಕಡೆ ಒಡೆದರೆ ನಸುಗೆಂಪು. ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆ. ಅದು ಆ ಕಡೆಯೂ ಹಾಗೇ, ಈ ಕಡೆಯೂ ಹಾಗೇ. ಕ್ಯಾಮೆರಾ ನನ್ನ ಮುಖಕ್ಕೆ ತಿರುಗಿತು. ಬೀಜ-ಗೊಬ್ಬರ ಮಾರುವವನ ಜೀವನದಲ್ಲಿ ಇಷ್ಟು ಕಷ್ಟದ ವಾಕ್ಯ ಇನ್ನೊಂದು ಬಂದಿಲ್ಲ.

“ಈ ಹೊಲದಾಗ, ಈ ವರ್ಷ, ನನಗ ಫರಕು ಕಾಣವಲ್ಲದು,” ಅಂದೆ.

“ಹಂಗಾರ ಆ ಪುಡಿ ಯಾಕ ಹಚ್ಚಬೇಕ್ರಿ?” ಗಡಿಗೆ ಒಯ್ದವರಲ್ಲಿ ಒಬ್ಬಾಕೆ ಕೇಳಿದಳು.

“ಇದು ವರ್ಷಾ ಕಡ್ಲಿ ಬೆಳಿಯೂ ಹೊಲಾ. ಆ ಜೀವ ಮಣ್ಣಾಗ ಮೊದಲ ಅದಾವು. ಎಂದೂ ಕಡ್ಲಿ ಬಿತ್ತದ ಹೊಲಾ ಇದ್ರ ಪುಡಿ ಹೆಚ್ಚು ಕೆಲಸಕ್ಕ ಬರ್ತೈತಿ. ಹಚ್ಚೂದು ಚಲೋ, ಹಚ್ಚಿದ್ರ ನೆಳ್ಳಾಗ ಆರಸ್ರಿ. ಅದಕ್ಕಿಂತ ಹೆಚ್ಚು ಹೇಳಾಕ ನನಗ ಬರೂದಿಲ್ಲ,” ಅಂದೆ.

ಕೇಳಿದಾಕೆ ಬಿಸಿಲಿನ ಪಟ್ಟಿಯ ಒಂದು ಗಿಡ ಕೈಗೆತ್ತಿಕೊಂಡು, ಬೇರು ತಿರುವಿ ನೋಡಿ, ಕೆಳಗಿಟ್ಟಳು. ಆಮೇಲೆ ನನ್ನನ್ನು ಬಿಟ್ಟು ಬೀಜ ಕಾಯುವಾಕೆಯ ಕಡೆ ತಿರುಗಿದಳು.

“ಯವ್ವಾ, ಜೋಳದ ಗಡಿಗಿ ನಮ್ಮ ಮನ್ಯಾಗ ಹುಳಾ ಹತ್ತೇತಿ. ಸಂಜೀಕ ತಂದು ಇಡ್ಲೇನು?”

“ಮದ್ಲ ಬಿಸಲಿಗೆ ಹಾಕಿ, ಹಸನು ಮಾಡಿ ತಾ,” ಅಂದಳು ಆಕೆ. ಜೋಳ ಬಿಸಿಲಿಗೆ ಹಾಕುವಂಥದ್ದೇ. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಆಕೆಯೂ ನಕ್ಕಳು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ. ನಾನು ಮಣ್ಣಿನ ಕೈ ತೊಳೆಯುವ ನೆಪ ಮಾಡಿ ಆ ಕಡೆ ತಿರುಗಿದೆ.

ಎರಡು ಸಲ ಶೂಟಿಂಗ್‌ಗೆ ಹೋದಾಗಲೂ ಆಕೆ ನನಗೆ ಒಂದು ತಂಬಿಗೆ ನೀರು ಬಿಟ್ಟು ಬೇರೇನೂ ಕೊಟ್ಟಿರಲಿಲ್ಲ. ಅವತ್ತು ಬುತ್ತಿಯ ಬುಟ್ಟಿ ತಲೆಯ ಮೇಲಿಟ್ಟುಕೊಂಡು, ನಾಲ್ಕು ಹೆಜ್ಜೆ ಮುಂದೆ ಹೋಗಿ, ತಿರುಗಿ ನಿಂತಳು.

“ನಡೀರಿ ಅಣ್ಣಾರ,” ಅಂದಳು. “ರೊಟ್ಟಿ ಆರತಾವು.”